ಏಳು ಲೋಹದ ಬಟ್ಟಲಿಗೆ 1,800 ರೂಪಾಯಿ

ಕಡಲ ತಡಿಯ ರೆಸಾರ್ಟೊಂದರ ಹುಣ್ಣಿಮೆ ‘ನಾದಸ್ನಾನ’ದ ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ. ಉಡುಪಿಯ ಕಲ್ಸಂಕದಲ್ಲಿ ವಾಹನಗಳು ಸಾಲುಗಟ್ಟಿ ನಿಂತು ಹಾರ್ನ್ ಹೊಡೆಯುವ ಜಾಗವನ್ನೇ ಹುಡುಕಿ, ಶಬ್ದದಿಂದ ರೋಗ ಗುಣಪಡಿಸುತ್ತೇವೆ ಎಂದು ಕಟ್ಟಿದ್ದಾರೆ. ಅವರ ಧೈರ್ಯಕ್ಕೆ ಮೊದಲ ನಮಸ್ಕಾರ. ತಲೆಗೆ 1,800 ರೂಪಾಯಿ, ಚಾಪೆ ಅವರದು, ದಿಂಬು ನಮ್ಮದು. ನಿದ್ರಾಹೀನತೆ, ಥೈರಾಯ್ಡ್, ಬಿಪಿ, ಮಧುಮೇಹ, ಕೊನೆಗೆ ಗತಜನ್ಮದ ನೋವು ಎಲ್ಲಕ್ಕೂ ಒಂದೇ ಮದ್ದು: ಟಿಬೆಟಿನ ಏಳು ಲೋಹದ ಹಾಡುವ ಬಟ್ಟಲು. ಅವರು ಬಾರಿಸುತ್ತಾರೆ, ನಾವು ಮಲಗಿ ಕೇಳಬೇಕು. ಗತಜನ್ಮದ ನೋವಿಗೆ ನನ್ನ ತಕರಾರಿಲ್ಲ, ಅದಕ್ಕೆ ಮಣಿಪಾಲದಲ್ಲೂ ಬೇರೆ ವಾರ್ಡ್ ಇಲ್ಲ.

ಮೊದಲು ಆ ಏಳು ಲೋಹಗಳನ್ನು ವಿಚಾರಿಸೋಣ. ಒಂದೊಂದು ಗ್ರಹಕ್ಕೆ ಒಂದೊಂದು ಲೋಹವಂತೆ. ಸೂರ್ಯನಿಗೆ ಚಿನ್ನ, ಚಂದ್ರನಿಗೆ ಬೆಳ್ಳಿ, ಬುಧನಿಗೆ ಪಾದರಸ, ಶುಕ್ರನಿಗೆ ತಾಮ್ರ, ಕುಜನಿಗೆ ಕಬ್ಬಿಣ, ಗುರುವಿಗೆ ತವರ, ಶನಿಗೆ ಸೀಸ. ನವಗ್ರಹ ಪೂಜೆ ಮಾಡಿಸಿ ಗೊತ್ತಿರುವವರಿಗೆ ಇಲ್ಲೇ ಅನುಮಾನ ಬರಬೇಕಿತ್ತು: ರಾಹು ಕೇತುಗಳೆಲ್ಲಿ? ನಾಗನಿಗೆ ತಂಬಿಲ ಕೊಡುವ ಊರಿಗೆ ಬಂದು ಅವರಿಬ್ಬರನ್ನೇ ಬಿಟ್ಟುಬಿಟ್ಟಿದ್ದಾರೆ. ಕಾರಣವಿದೆ. ಈ ಲೋಹ-ಗ್ರಹದ ಜೋಡಿಪಟ್ಟಿ ಪಶ್ಚಿಮದ ರಸವಾದಿಗಳದು, ಹಿಮಾಲಯದ್ದಲ್ಲ. ಪಾದರಸದ ಕತೆಯಂತೂ ಇನ್ನೂ ಸೊಗಸು. ಅದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ, ತಾಮ್ರ ಕರಗುವುದು 1,085 ಡಿಗ್ರಿಯಲ್ಲಿ. ಕರಗಿದ ತಾಮ್ರಕ್ಕೆ ಪಾದರಸ ಸುರಿದರೆ ಬುಧಗ್ರಹ ಬಟ್ಟಲಿಗೆ ಬರುವುದಿಲ್ಲ, ಎರಕ ಹೊಯ್ಯುವವನ ಶ್ವಾಸಕೋಶಕ್ಕೆ ಹೋಗುತ್ತದೆ.

ಪ್ರಯೋಗಾಲಯದಲ್ಲಿ ಇಂಥ ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿದಾಗ ಸಿಗುವುದು ತಾಮ್ರ ಮತ್ತು ತವರ: ಹೆಚ್ಚುಕಡಿಮೆ ನಾಲ್ಕು ಪಾಲಿಗೆ ಒಂದು ಪಾಲು, ಉಳಿದದ್ದು ಲೆಕ್ಕಕ್ಕಿಲ್ಲದಷ್ಟು ಕಲಬೆರಕೆ. ಅಂದರೆ ಕಂಚು. ನಮ್ಮ ಅಜ್ಜಿಯಂದಿರು ಕುಚ್ಚಲಕ್ಕಿ ಗಂಜಿ ಬಡಿಸುತ್ತಿದ್ದ ಅದೇ ಕಂಚು. ಇಷ್ಟು ತವರ ಬೆರೆತ ಕಂಚು ತಣ್ಣಗಿರುವಾಗ ಪೆಡಸು, ಸುತ್ತಿಗೆಯ ಪೆಟ್ಟಿಗೆ ಸೀಳುತ್ತದೆ. ಆದ್ದರಿಂದ ಕೆಂಪಗೆ ಕಾಯಿಸಿ, ಕೆಂಪಗಿರುವಾಗಲೇ ಬಡಿದು, ಮತ್ತೆ ಕಾಯಿಸಿ, ಕೊನೆಗೆ ನೀರಿಗೆ ಅದ್ದುತ್ತಾರೆ. ನೀಲಗಿರಿಯ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕ ತೆಳು ಬಟ್ಟಲುಗಳೂ ಇದೇ ವಿಧಾನದವು ಎಂದು ಬೆಂಗಳೂರಿನ ಸಂಶೋಧಕಿ ಶಾರದಾ ಶ್ರೀನಿವಾಸನ್ ತೋರಿಸಿದ್ದಾರೆ. ಇಂಥ ವಿದ್ಯೆ ಪಕ್ಕದ ಕೇರಳದಲ್ಲೇ ಉಳಿದು ಬಂದಿದೆ. ನಾವು ಮಾತ್ರ ಅದಕ್ಕೆ ಹಿಮಾಲಯದ ಚೀಟಿ ಅಂಟಿಸಿದ ಮೇಲೆಯೇ ಪರ್ಸ್ ತೆಗೆಯುತ್ತೇವೆ. ಟಿಬೆಟಿನವರ ಪೂಜೆಯಲ್ಲಿ ಕೈಗಂಟೆಯಿದೆ, ತಾಳವಿದೆ, ಆಳುದ್ದದ ಕಹಳೆಯಿದೆ. ಬಟ್ಟಲಿನಿಂದ ಚಿಕಿತ್ಸೆ ಮಾಡುವುದು ತಮ್ಮ ಸಂಪ್ರದಾಯವೇ ಅಲ್ಲ ಎಂದು ಅವರಲ್ಲೇ ಹಲವರು ಬರೆದು ಸುಸ್ತಾಗಿದ್ದಾರೆ. ಈ ಹುಚ್ಚು ಹಬ್ಬಿದ್ದು 1972ರಲ್ಲಿ ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ‘ಟಿಬೆಟನ್ ಬೆಲ್ಸ್’ ಎಂಬ ಧ್ವನಿಮುದ್ರಿಕೆ ತಂದ ಮೇಲೆ.

ಇನ್ನು ಆ ನಾದ. ಬಾರಿಸಿದಾಗ ‘ವಾಂ… ವಾಂ… ವಾಂ…’ ಎಂದು ಸದ್ದು ಏರಿಳಿಯುತ್ತದಲ್ಲ, ಅದು ಮಿದುಳಿನ ಥೀಟಾ ಅಲೆಗೆ ಶ್ರುತಿಗೂಡಿ ನಿಮ್ಮನ್ನು ಸಮಾಧಿಸ್ಥಿತಿಗೆ ಒಯ್ಯುತ್ತದಂತೆ. ನಿಜಕ್ಕೂ ನಡೆಯುವುದು ಇಷ್ಟು. ಕೈಯಿಂದ ಬಡಿದ ಬಟ್ಟಲಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹಾಗಾಗಿ ಅದರ ಮೂಲಸ್ವರ ಸೀಳಿ ಎರಡಾಗುತ್ತದೆ. ಒಂದು ಸೆಕೆಂಡಿಗೆ 208 ಸಲ ಕಂಪಿಸಿ ಇನ್ನೊಂದು 212 ಸಲ ಕಂಪಿಸಿದರೆ, ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ಏರಿಳಿತ ಕೇಳಿಸುತ್ತದೆ. ಅಪನಂಬಿಕೆ ಇದ್ದರೆ ಮನೆಯ ಅಟ್ಟದಲ್ಲಿರುವ ಕಂಚಿನ ಬಟ್ಟಲನ್ನು ಮೆತ್ತನೆ ಬಟ್ಟೆಯ ಮೇಲಿಟ್ಟು, ಮರದ ಸೌಟಿನ ಹಿಡಿಯಿಂದ ಅಂಚಿನ ಸುತ್ತ ಸ್ವಲ್ಪ ಸ್ವಲ್ಪ ಸರಿದು ತಟ್ಟಿ. ಕೆಲವು ಕಡೆ ಏರಿಳಿತ ಜೋರಾಗಿರುತ್ತದೆ. ಕೆಲವು ಕಡೆ ಎರಡರಲ್ಲಿ ಒಂದೇ ಸ್ವರ ಏಳುವುದರಿಂದ ಏರಿಳಿತ ಮಾಯವಾಗಿ ನೆಟ್ಟಗಿನ ಸದ್ದು ಬರುತ್ತದೆ. ಸುತ್ತು ಮುಗಿಸುವಷ್ಟರಲ್ಲಿ ಇಂಥ ಎಂಟು ಜಾಗ ಸಿಗಬೇಕು. ವಿಶ್ವಚೈತನ್ಯವೆಂದು ಅವರು ಮಾರುತ್ತಿರುವುದು ಸುತ್ತಿಗೆಯ ಏರುಪೇರನ್ನು. ಅಷ್ಟೂ ಅಂಕುಡೊಂಕಿಲ್ಲದೆ ಬಡಿದಿದ್ದರೆ ನಿಮಗೆ ಸಮಾಧಿ ತಪ್ಪುತ್ತಿತ್ತು.

ಲಯದ ಸದ್ದಿಗೆ ಮಿದುಳು ಸ್ಪಂದಿಸುತ್ತದೆ, ಅದನ್ನು ಅಳೆಯಲೂ ಬರುತ್ತದೆ. ಆದರೆ ಸ್ಪಂದಿಸಿತು ಎನ್ನುವುದರಿಂದ ಧ್ಯಾನವಾಯಿತು, ಥೈರಾಯ್ಡ್ ಇಳಿಯಿತು ಎನ್ನುವಲ್ಲಿಗೆ ಹಾರುವುದು ಹೇಗೆ? ಹಾಗಾಗುವುದಿದ್ದರೆ ಚೆಂಡೆ ಕೇಳಿ ಬೆಳಗು ಮಾಡಿದ ನಮ್ಮ ಯಕ್ಷಗಾನ ಪ್ರೇಕ್ಷಕರೆಲ್ಲ ಇಷ್ಟರಲ್ಲಿ ಸಿದ್ಧಪುರುಷರಾಗಿರಬೇಕಿತ್ತು. ಅವರು ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಭಾಗವತರನ್ನು ಬೈಯುತ್ತಾ ಕುಳಿತಿರುತ್ತಾರೆ.

ಸದ್ದಿನ ಮಾತು ಬಂದಾಗ ದೇವಸ್ಥಾನಗಳ ಆ ಯಂತ್ರ ನೆನಪಾಗದೆ ಇರುವುದಿಲ್ಲ. ಒಂದು ಮೋಟಾರು, ನಾಲ್ಕು ಕೋಲು, ಗಂಟೆ, ಜಾಗಟೆ, ನಗಾರಿ. ಮಂಗಳಾರತಿಗೆ ಭಟ್ಟರು ಸ್ವಿಚ್ ಒತ್ತಿದರೆ ಮುಗಿಯಿತು, ಗರ್ಭಗುಡಿಯ ಎದುರು ನಿಂತವರ ಹಲ್ಲೂ ಅದುರುತ್ತದೆ. ಹಿಂದೆ ಜಾಗಟೆ ಬಡಿಯಲು ಪಕ್ಕದ ಮನೆಯ ಹುಡುಗನೊಬ್ಬನಿದ್ದ. ತಾಳ ತಪ್ಪುತ್ತಿದ್ದ, ಭಟ್ಟರು ಕಣ್ಣು ಬಿಡುತ್ತಿದ್ದರು, ಪ್ರಸಾದದ ಬಾಳೆಹಣ್ಣು ಅವನಿಗೆ ಒಂದು ಹೆಚ್ಚು. ಈಗ ಅವನು ದುಬೈಯಲ್ಲಿದ್ದಾನೆ, ಜಾಗಟೆಯ ತಾಳ ಎಂದೂ ತಪ್ಪುವುದಿಲ್ಲ, ಕರೆಂಟ್ ಹೋದ ದಿನ ದೇವರಿಗೆ ಮೌನ. ಆದರೂ ಒಂದು ಮಾತು ಹೇಳಬೇಕು: ಆ ಯಂತ್ರ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆಂದು ಯಾವ ಆಡಳಿತ ಮಂಡಳಿಯೂ ರಸೀದಿ ಹರಿದದ್ದಿಲ್ಲ.

‘ವಿಜ್ಞಾನ ಸಾಬೀತುಪಡಿಸಿದೆ’ ಎಂದು ಫ್ಲೆಕ್ಸಿನ ಮೂಲೆಯಲ್ಲಿದೆಯಲ್ಲ, ಅದನ್ನೂ ನೋಡೋಣ. ಅವರು ಹೆಚ್ಚಾಗಿ ಎತ್ತಿ ಹೇಳುವುದು 2017ರ ಒಂದು ಅಮೆರಿಕನ್ ಅಧ್ಯಯನವನ್ನು. ಬಟ್ಟಲಿನ ನಾದ ಕೇಳುತ್ತಾ ಮಲಗೆದ್ದ 62 ಮಂದಿ ತಮಗೆ ಉದ್ವೇಗ, ಸಿಟ್ಟು, ದಣಿವು ಕಡಿಮೆಯಾಯಿತು ಎಂದರು. ಸಂತೋಷ. ಆದರೆ ಬಟ್ಟಲಿಲ್ಲದೆ ಅಷ್ಟೇ ಹೊತ್ತು ಸುಮ್ಮನೆ ಮಲಗಿದ ಇನ್ನೊಂದು ಗುಂಪು ಅಲ್ಲಿ ಇರಲಿಲ್ಲ. ಮೊಬೈಲ್ ಬದಿಗಿಟ್ಟು, ಮಬ್ಬು ಬೆಳಕಿನಲ್ಲಿ, ಯಾರೂ ಕರೆಯದ ಕಡೆ ಒಂದು ಗಂಟೆ ಅಂಗಾತ ಮಲಗಿದರೆ ಯಾರಿಗೆ ಸಿಟ್ಟು ಇಳಿಯುವುದಿಲ್ಲ? 2014ರ ಇನ್ನೊಂದು ಅಧ್ಯಯನ ಸ್ವಲ್ಪ ಮರ್ಯಾದಸ್ಥ. ಅದರಲ್ಲಿ 51 ಮಂದಿ ವಿಶ್ರಾಂತಿಗೆ ಮುಂಚೆ ಒಮ್ಮೆ 12 ನಿಮಿಷ ಬಟ್ಟಲು ಕೇಳಿದರು, ಇನ್ನೊಮ್ಮೆ ಅಷ್ಟೇ ಹೊತ್ತು ಮೌನವಾಗಿದ್ದರು. ಬಟ್ಟಲು ಕೇಳಿದಾಗ ಮೇಲಿನ ರಕ್ತದೊತ್ತಡ ಸ್ವಲ್ಪ ಹೆಚ್ಚು ಇಳಿಯಿತು. ಅದು ಆ ಹೊತ್ತಿನ ಲೆಕ್ಕ, ಮುಂದಿನ ತಿಂಗಳದ್ದಲ್ಲ. 2020ರಲ್ಲಿ ಇಬ್ಬರು ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ನಾಲ್ಕೇ ನಾಲ್ಕು. ಈ ಚಿಕಿತ್ಸೆಯನ್ನು ಶಿಫಾರಸು ಮಾಡುವಷ್ಟು ಆಧಾರ ಸದ್ಯಕ್ಕಿಲ್ಲ ಎಂದು ಬರೆದು ಮುಗಿಸಿದರು.

ಮಲಗುವುದಕ್ಕೆ 1,800 ಕೊಡುವವರು ಕೊಡಲಿ, ಅವರ ದುಡ್ಡು. ಆದರೆ ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಇಂಥ ಶಿಬಿರದಿಂದ ಬಂದವರೇ ಬಿಪಿ ಮಾತ್ರೆ ನಿಲ್ಲಿಸಿದರು. ನಿಲ್ಲಿಸಿ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟು ಜಾಣರು. ‘ದೇಹಕ್ಕೆ ತನ್ನ ಶ್ರುತಿ ಸಿಕ್ಕಿದ ಮೇಲೆ ಹೊರಗಿನ ಊರುಗೋಲು ಯಾಕೆ?’ ಎಂದಿದ್ದರಷ್ಟೇ. ಕೆಲವು ವಾರಗಳ ಬಳಿಕ ತಲೆಸುತ್ತಿ ಅಂಗಳದಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 200 ದಾಟಿತ್ತು. 1954ರ ಕಾನೂನೊಂದಿದೆ. ಮಧುಮೇಹ, ರಕ್ತದೊತ್ತಡ ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದ ಹೆಸರಿನಲ್ಲಾಗಲಿ ಮಂತ್ರ, ತಾಯಿತ, ಕವಚಗಳ ಹೆಸರಿನಲ್ಲಾಗಲಿ ಜಾಹೀರಾತು ಹಾಕುವಂತಿಲ್ಲ. ಬಟ್ಟಲಿನ ಹೆಸರು ಅದರಲ್ಲಿಲ್ಲ ಎಂದು ವಾದಿಸುವ ವಕೀಲರು ಸಿಗಬಹುದು. ಅದನ್ನು ಓದಬೇಕಾದವರ ಕಚೇರಿಯ ಮುಂದೆಯೇ ಒಂದು ಫ್ಲೆಕ್ಸ್ ತೂಗುತ್ತಿದೆ, ಅವರೂ ಅದರ ಕೆಳಗೆ ಬೈಕ್ ನಿಲ್ಲಿಸುತ್ತಾರೆ.

ಮೇಷ್ಟ್ರ ಮಗಳು ಸಂಘಟಕರಿಗೆ ಫೋನ್ ಮಾಡಿ, ‘ಅಪ್ಪ ಐಸಿಯುನಲ್ಲಿದ್ದಾರೆ’ ಎಂದಳು. ಅತ್ತಲಿಂದ ಬಂದ ದನಿಯಲ್ಲಿ ಒಂದಿಷ್ಟೂ ಅಲುಗಾಟವಿರಲಿಲ್ಲ. ‘ಗಾಬರಿಯಾಗಬೇಡಿ ಅಮ್ಮಾ, ಒಳಗಿನ ವಿಷ ಹೊರಗೆ ಹೋಗುತ್ತಿದೆ. ಇನ್ನೆರಡು ಸೆಷನ್ ಆದರೆ ಸರಿಹೋಗುತ್ತದೆ. ಹಿರಿಯರಿಗೆ ರಿಯಾಯಿತಿಯೂ ಇದೆ.’