ಸತ್ಯಾಂಶ: ಮೂರು-ಮೂರು ಅಳತೆಗಳಿಂದ ರ‍್ಯಾಂಕ್-ಸಮ್ ಪರೀಕ್ಷೆ ಏನು ಹೇಳಬಲ್ಲದು?

“ಡೇಟಾ ನಾರ್ಮಲ್ ಅಲ್ಲವೇ, ಸ್ಯಾಂಪಲ್ ಚಿಕ್ಕದೇ? ರ‍್ಯಾಂಕ್-ಸಮ್ ಟೆಸ್ಟ್ ಹಾಕಿ, ಗುಂಪಿಗೆ ಮೂರೇ ಜನ ಇದ್ದರೂ ಸಾಕು.”

ಎರಡು ಗುಂಪುಗಳನ್ನು ಅಳತೆಗಳ ಸ್ಥಾನಗಳ ಮೂಲಕ ಹೋಲಿಸುವ ಈ ಪರೀಕ್ಷೆಯ ಬಗ್ಗೆ ಕೇಳಿಬರುವ ಈ ಸಲಹೆಯ ಮೊದಲರ್ಧ ಸರಿ, ಕೊನೆಯ ಮಾತು ತಪ್ಪು. ಸಿಆರ್‌ಪಿ ರಕ್ತಪರೀಕ್ಷೆಯ ಒಂದು ಕಲ್ಪಿತ ಉದಾಹರಣೆ ನೋಡೋಣ: ಆರೋಗ್ಯವಂತರಲ್ಲಿ 2, 3, 5, ಸೋಂಕಿತರಲ್ಲಿ 48, 95, 310. ಆರನ್ನೂ ಒಟ್ಟಿಗೆ ಏರಿಕೆಯ ಕ್ರಮದಲ್ಲಿಟ್ಟು 1ರಿಂದ 6ರವರೆಗೆ ಸ್ಥಾನ ಕೊಟ್ಟರೆ, ಮೊದಲ ಗುಂಪಿನ ಸ್ಥಾನಗಳ ಮೊತ್ತ 6 ಆಗುತ್ತದೆ. 310ರ ಬದಲು 3000 ಇದ್ದರೂ ಅದರ ಸ್ಥಾನ ಆರೇ ಆದ್ದರಿಂದ, ವಿಪರೀತ ಮೌಲ್ಯಗಳಿಗೆ ಈ ಪರೀಕ್ಷೆ ಅಲುಗಾಡುವುದಿಲ್ಲ.

ಆದರೆ ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ, ಆರು ಸ್ಥಾನಗಳಲ್ಲಿ ಮೂರನ್ನು ಆರಿಸುವ 20 ರೀತಿಗಳೂ ಸಮಸಂಭವ. ಮೊತ್ತ 6 ಬರುವುದು ಒಂದೇ ರೀತಿಯಲ್ಲಿ, ಇನ್ನೊಂದು ತುದಿಯ 15 ಬರುವುದೂ ಒಂದೇ ರೀತಿಯಲ್ಲಿ. ಹಾಗಾಗಿ ಬರೀ ಆಕಸ್ಮಿಕವಾಗಿ ಇಷ್ಟು ವಿಪರೀತ ಮೊತ್ತ ಬರುವ ಸಂಭವ, ಅಂದರೆ ಎರಡು ಬದಿಯ ಪಿ-ಮೌಲ್ಯ, 2/20 ಅಥವಾ 0.10. ಗುಂಪುಗಳು ಇದಕ್ಕಿಂತ ಸ್ಪಷ್ಟವಾಗಿ ಬೇರ್ಪಡಲು ಸಾಧ್ಯವೇ ಇಲ್ಲ, ಆದರೂ ಪಿ-ಮೌಲ್ಯ ವಾಡಿಕೆಯ ಗೆರೆಯಾದ 0.05ಕ್ಕೆ ಇಳಿಯದು.

ಹಾಗಿದ್ದೂ ಕೆಲವು ವರದಿಗಳಲ್ಲಿ ಇಂಥದೇ ಡೇಟಾಕ್ಕೆ 0.0495 ಎಂದು ಕಾಣಬಹುದು. ಅದು ನಿಖರ ಎಣಿಕೆಯಲ್ಲ, ನಿರಂತರತೆಯ ತಿದ್ದುಪಡಿಯಿಲ್ಲದ ನಾರ್ಮಲ್ ಅಂದಾಜು. ಇಷ್ಟು ಚಿಕ್ಕ ಗುಂಪುಗಳಿಗೆ ಅದನ್ನು ನಂಬಲೇಬಾರದು. R ಬಳಸುವವರು ನಿಖರ ಎಣಿಕೆಯನ್ನು ಹೀಗೆ ಕೇಳಬಹುದು:

```
wilcox.test(c(2,3,5), c(48,95,310), exact=TRUE)
```

ಗುಂಪಿಗೆ ನಾಲ್ವರಿದ್ದರೆ 70 ರೀತಿಗಳಿರುವುದರಿಂದ ಕನಿಷ್ಠ ಪಿ-ಮೌಲ್ಯ 2/70, ಸುಮಾರು 0.029. ಆದರೂ ಗುಂಪುಗಳ ಗಡಿಯಲ್ಲಿ ಅಕ್ಕಪಕ್ಕದ ಒಂದೇ ಒಂದು ಜೋಡಿ ಅದಲುಬದಲಾದರೆ ಅದು 4/70, ಸುಮಾರು 0.057 ಆಗಿ, ಮತ್ತೆ ಗೆರೆ ದಾಟುತ್ತದೆ.