ಮೋರ್ ಬೆಟರ್ ಆದ ಮೇಲೆ ಇನ್ನೇನು?

ಯಾವುದೋ ಒಂದು ಕಚೇರಿಯ ಸುತ್ತೋಲೆ ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲೇ ಇರಬೇಕು, ಇಲ್ಲದಿದ್ದರೆ ಅದು ಸುತ್ತೋಲೆ ಹೇಗಾಗುತ್ತೆ? ಗುಮಾಸ್ತರು ಮೊದಲ ಕರಡಿನಲ್ಲಿ ನಮ್ಮ ಹೊಸ ಸೇವೆ ‘ಗುಡ್’ ಎಂದು ಬರೆದರು. ವಿಭಾಗದ ಮುಖ್ಯಸ್ಥರಿಗೆ ಅದು ಸಪ್ಪೆ ಅನ್ನಿಸಿತು. ಹಳೆಯ ಸೇವೆಯೂ ಗುಡ್ಡೇ ಆಗಿತ್ತಲ್ಲ, ‘ಬೆಟರ್’ ಮಾಡಿ ಎಂದರು. ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವರ ಮೇಲೆ ಇನ್ನೊಬ್ಬರಿದ್ದರು. ಕಡತ ತಮ್ಮ ಮೇಜಿಗೆ ಬಂದಿತ್ತು ಅನ್ನುವುದಕ್ಕೆ ಗುರುತು ಬೇಡವೇ? ‘ಮೋರ್ ಬೆಟರ್’ ಆಯಿತು. ಅವರ ಮೇಲಿನವರು ‘ಮಚ್’ ಸೇರಿಸಿದರು. ಕೊನೆಗೆ ದೊಡ್ಡ ಸಾಹೇಬರು ಸಹಿ ಹಾಕುವ ಮೊದಲು ಕನ್ನಡಕ ಸರಿ ಮಾಡಿಕೊಂಡು, ‘ಇದರಲ್ಲಿ ಬೆಸ್ಟ್ ಎಲ್ಲಿ ಕಾಣ್ತಾ ಇಲ್ವಲ್ಲ?’ ಎಂದು ಕೇಳಿದರು. ಹೀಗೆ ‘ಮಚ್ ಮೋರ್ ಬೆಟರ್ ಅಂಡ್ ಮೋಸ್ಟ್ ಬೆಸ್ಟ್’ ಸೇವೆಯೊಂದು ಹುಟ್ಟಿತು. ಸೇವೆ ಮಾತ್ರ ಗುಮಾಸ್ತರು ಬರೆದಾಗ ಹೇಗಿತ್ತೋ ಹಾಗೇ ಇದೆ.

ಇಷ್ಟು ಜನರಲ್ಲಿ ‘ಮಚ್’ ಅಂದವರದ್ದು ತಪ್ಪಿಲ್ಲ, ನೋಡಿ. ಮಚ್ ಬೆಟರ್, ಫಾರ್ ಬೆಟರ್, ಈವನ್ ಬೆಟರ್ ಎಲ್ಲವೂ ಸರಿ. ಎರಡರ ನಡುವಿನ ಅಂತರ ಎಷ್ಟು ಅಂತ ಅವು ಹೇಳುತ್ತವೆ. ಮೋರ್ ಹಾಗಲ್ಲ. ಅದು ಹೋಲಿಕೆಯನ್ನೇ ಮಾಡುವ ಪದ, ಮತ್ತು ಆ ಕೆಲಸವನ್ನು ಬೆಟರ್ ಆಗಲೇ ಮುಗಿಸಿ ಕೂತಿದೆ. ಸಾಹೇಬರ ಕೆಳಗಿನವರ ಕೆಳಗಿನವರು ಸುಮ್ನೆ ಇದ್ದಿದ್ದರೆ ಮಚ್ ಸಾಹೇಬರು ಮರ್ಯಾದೆಯಿಂದ ಬದುಕುತ್ತಿದ್ದರು.

ಮೂಲ ತೊಂದರೆ ಇಂಗ್ಲಿಷಿನದ್ದೇ. ಒಂದೇ ಕೆಲಸಕ್ಕೆ ಅದು ಎರಡು ದಾರಿ ಇಟ್ಟುಕೊಂಡಿದೆ. ಟಾಲ್‌ನಂಥ ಚಿಕ್ಕ ಪದವಾದರೆ ಬಾಲ ಅಂಟಿಸಬೇಕು: ಟಾಲರ್, ಟಾಲೆಸ್ಟ್. ಬ್ಯೂಟಿಫುಲ್‌ನಂಥ ಉದ್ದ ಪದವಾದರೆ ಮುಂದೆ ಮೋರ್, ಮೋಸ್ಟ್ ನಿಲ್ಲಿಸಬೇಕು. ಮಧ್ಯಮ ಗಾತ್ರದವು ಕೆಲವು ಆಚೆ, ಕೆಲವು ಈಚೆ, ಇನ್ನು ಕೆಲವು ಎರಡೂ ಕಡೆ. ಇಷ್ಟು ಗೊಂದಲ ಇರುವಾಗ ಜನ ಬುದ್ಧಿವಂತಿಕೆ ಮಾಡುತ್ತಾರೆ. ಯಾವ ದಾರಿ ಅಂತ ತಲೆ ಕೆಡಿಸಿಕೊಳ್ಳುವ ಬದಲು ಎರಡರಲ್ಲೂ ಹೋಗಿಬಿಡುತ್ತಾರೆ. ‘ಮೋಸ್ಟ್ ಟಾಲೆಸ್ಟ್’ ಅಂದರೆ ಎರಡೂ ಕಡೆ ಚೀಟಿ ತಗೊಂಡ ಹಾಗೆ, ಯಾವುದಾದರೂ ಒಂದು ಹತ್ತುತ್ತೆ.

ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ‘ಅವನಿಗಿಂತ ಇವನು ಎತ್ತರ’ ಅಂದರೆ ಮುಗಿಯಿತು. ಎತ್ತರ ಎನ್ನುವ ಪದದ ಕೂದಲೂ ಕೊಂಕುವುದಿಲ್ಲ, ಹೋಲಿಕೆಯ ಭಾರವೆಲ್ಲ ‘ಗಿಂತ’ದ ಮೇಲೆ. ಪದದ ಒಳಗೇ ಹೋಲಿಕೆ ಕೂತಿರುತ್ತದೆ ಎಂಬ ಅಭ್ಯಾಸ ನಮ್ಮ ಕಿವಿಗಿಲ್ಲ. ಹಾಗಾಗಿ ಬೆಟರ್ ಅಂದರೆ ನಮಗೆ ಬರೀ ‘ಒಳ್ಳೆಯದು’ ಅಂತ ಕೇಳಿಸುತ್ತದೆ, ಅದಕ್ಕೆ ‘ಇನ್ನೂ’ ಸೇರಿಸೋಣ ಅನ್ನಿಸುತ್ತದೆ. ಇದು ನಮ್ಮ ಸಮಜಾಯಿಷಿ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇದನ್ನೇ ಬರೆಯುತ್ತಾರಲ್ಲ, ಅವರ ಸಮಜಾಯಿಷಿ ಅವರನ್ನೇ ಕೇಳಬೇಕು.

ಯಾರಾದರೂ ತಿದ್ದಲು ಹೋದರೆ ಸಾಹೇಬರ ಪರ ವಕಾಲತ್ತು ವಹಿಸಲು ಒಬ್ಬ ಭಾರಿ ಆಸಾಮಿ ಇದ್ದಾನೆ: ಶೇಕ್ಸ್‌ಪಿಯರ್. ಸೀಜರನ ಹೆಣದ ಮೇಲಿನ ಬಟ್ಟೆಯಲ್ಲಿ ಬ್ರೂಟಸ್ ಇರಿದ ತೂತನ್ನು ತೋರಿಸುತ್ತಾ ಆಂಟನಿ ಅದನ್ನು ‘ಮೋಸ್ಟ್ ಅನ್‌ಕೈಂಡೆಸ್ಟ್ ಕಟ್’ ಅನ್ನುತ್ತಾನೆ. ಬೇರೊಂದು ನಾಟಕದಲ್ಲಿ ಪ್ರಾಸ್ಪೆರೊ ಮಗಳಿಗೆ ತಾನು ಅವಳು ಕಂಡಿರುವ ಈ ಗುಹೆವಾಸಿ ಅಪ್ಪನಿಗಿಂತ ‘ಮೋರ್ ಬೆಟರ್’ ಆಗಿದ್ದವನು ಎನ್ನುತ್ತಾನೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಸಂತ ಪೌಲನ ಬಾಯಲ್ಲೂ ‘ಮೋಸ್ಟ್ ಸ್ಟ್ರೇಟೆಸ್ಟ್’ ಬರುತ್ತದೆ. ಆಗ ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಒತ್ತು ಬೇಕಾದಲ್ಲಿ ಒತ್ತುತ್ತಿದ್ದರು, ಅಷ್ಟೇ.

ಆಮೇಲೆ ಇಂಗ್ಲಿಷಿಗೆ ಮಡಿ ಬಂತು. ಕವಿ ಅಲೆಕ್ಸಾಂಡರ್ ಪೋಪ್ 1725ರಲ್ಲಿ ಮುಗಿಸಿದ ತನ್ನ ಆವೃತ್ತಿಯಲ್ಲಿ ಶೇಕ್ಸ್‌ಪಿಯರನ ‘ಮೋಸ್ಟ್’ ಅನ್ನೇ ಕಿತ್ತು ಹಾಕಿದ. ಆಂಟನಿ ತೀರಿದ ಗೆಳೆಯನಿಗಾಗಿ ಗೋಳಾಡುತ್ತಿದ್ದರೇನು, ವ್ಯಾಕರಣ ಬಿಡಬಾರದಲ್ಲ! ಅಲ್ಲಿ ಲಯ ಸರಿಹೋಗಲು ‘ದಿಸ್, ದಿಸ್’ ಅಂತ ಎರಡು ಸಲ ಹಾಕಿದ. ಒಂದು ಜೋಡಿ ತೆಗೆದು ಇನ್ನೊಂದು ಜೋಡಿ ಇಟ್ಟ. 1762ರಲ್ಲಿ, ಮುಂದೆ ಬಿಷಪ್ ಆದ ರಾಬರ್ಟ್ ಲೌತ್, ತನ್ನ ವ್ಯಾಕರಣದಲ್ಲಿ ಜೋಡಿ ಹೋಲಿಕೆಗಳು ಸಲ್ಲ ಎಂದ. ಆದರೆ ಹಳೆಯ ಕೀರ್ತನೆಗಳಲ್ಲಿ ದೇವರನ್ನು ‘ಮೋಸ್ಟ್ ಹೈಯೆಸ್ಟ್’ ಎಂದು ಕರೆದಿದ್ದನ್ನು ಮಾತ್ರ ಬಿಟ್ಟುಕೊಟ್ಟ. ಅತಿ ಎತ್ತರಕ್ಕಿಂತಲೂ ಎತ್ತರದವನಿಗೆ ಅದು ಒಪ್ಪುತ್ತದೆ ಅನ್ನುವುದು ಅವನ ವಾದ. ಅಂದರೆ ಕಾಯಿದೆ ಎಲ್ಲರಿಗೂ ಒಂದೇ, ದೇವರೊಬ್ಬನಿಗೆ ವಿನಾಯಿತಿ. ನಮ್ಮ ಸುತ್ತೋಲೆಯ ಸಾಹೇಬರು ಆ ವಿನಾಯಿತಿ ತಮಗೂ ಇದೆ ಅಂದುಕೊಂಡಿರಬಹುದು, ಕೆಳಗಿನವರು ನಡೆದುಕೊಳ್ಳುವುದು ನೋಡಿದರೆ ಹಾಗೆ ಅನ್ನಿಸುವುದು ಸಹಜ.

ಮಡಿಯವರ ಮನೆಯೊಳಗೂ ಎಂಜಲಿದೆ ಅನ್ನುವುದು ಬೇರೆ ಮಾತು. ಲೆಸ್ ಅಂದರೇ ‘ಕಡಿಮೆ’, ಹೋಲಿಕೆ ಅಲ್ಲೇ ಇದೆ. ಅದಕ್ಕೆ ಮತ್ತೊಂದು ಬಾಲ ಕಟ್ಟಿದ್ದು ಲೆಸ್ಸರ್. ನಿಯರ್ ಹುಟ್ಟುವಾಗಲೇ ‘ಹೆಚ್ಚು ಹತ್ತಿರ’ ಆಗಿತ್ತು. ಅದನ್ನು ಮರೆತು ನಿಯರರ್ ಮಾಡಿದರು. ಫೋರ್‌ಮೋಸ್ಟ್‌ನಲ್ಲಂತೂ ‘ಅತಿ’ ಎನ್ನುವ ಅರ್ಥದ ಎರಡು ಹಳೆಯ ಬಾಲಗಳು ಒಂದರ ಮೇಲೊಂದು ಕೂತಿವೆ. ಮುನ್ನೂರು ವರ್ಷ ಸಿಕ್ಕಿಹಾಕಿಕೊಳ್ಳದೆ ಉಳಿದ ತಪ್ಪಿಗೆ ಪದಕೋಶದಲ್ಲಿ ಖಾತೆ ಮಾಡಿಕೊಡುತ್ತಾರೆ. ಮೋರ್ ಬೆಟರ್‌ನ ಅರ್ಜಿ ಇನ್ನೂ ಬಾಕಿ ಇದೆ.

ಈಗ ತಿದ್ದುವವರ ವಿಷಯ. ಮೋರ್‌ನ ಮೇಲೆ ಬೆರಳಿಟ್ಟು ಓದಿ, ವಾಕ್ಯದ ಅರ್ಥ ಬದಲಾಗದಿದ್ದರೆ ಅದನ್ನು ಹೊಡೆದುಹಾಕಿ. ಇಷ್ಟೇ ಪರೀಕ್ಷೆ. ಆದರೆ ಹೊಸದಾಗಿ ಕಲಿತವರಿಗೆ ಕೆಂಪು ಪೆನ್ನು ಸಿಕ್ಕರೆ ಬೆರಳಿಟ್ಟು ನೋಡುವ ತಾಳ್ಮೆ ಎಲ್ಲಿ? ‘ವಿ ನೀಡ್ ಮೋರ್ ಬೆಟರ್ ರೋಡ್ಸ್’ ಎಂದು ಯಾರಾದರೂ ಬರೆದರೆ ಅದು ತಪ್ಪೇ ಆಗಬೇಕೆಂದಿಲ್ಲ. ಉತ್ತಮ ರಸ್ತೆಗಳು ಕೆಲವಿವೆ, ಅಂಥವು ಇನ್ನಷ್ಟು ಬೇಕು ಎನ್ನುವುದಾದರೆ ಆ ಮೋರ್ ಎಣಿಕೆಯ ಮೋರ್, ಅದನ್ನು ತೆಗೆದರೆ ರಸ್ತೆಗಳೇ ಕಡಿಮೆಯಾಗುತ್ತವೆ. ‘ಮೋಸ್ಟ್ ಬೆಸ್ಟ್ ಪ್ರಾಕ್ಟೀಸಸ್’ ಎಂದಾಗಲೂ ಹಾಗೇ: ಬೆಸ್ಟ್ ಪ್ರಾಕ್ಟೀಸ್ ಎಂಬ ಹೆಸರಿನವುಗಳಲ್ಲಿ ಹೆಚ್ಚಿನವು ಎಂದರ್ಥ. ತಿದ್ದುಗಾರರು ಮೋಸ್ಟ್ ಹೊಡೆದು ಮೀಸೆ ತಿರುವುತ್ತಾರೆ. ‘ಹೆಚ್ಚಿನವು’ ಅಂದಿದ್ದು ‘ಎಲ್ಲವೂ’ ಆಗಿರುತ್ತದೆ, ಬರೆದವರು ಹೇಳದ ಮಾತಿಗೆ ಬರೆದವರೇ ಜವಾಬ್ದಾರರು.

ಇದನ್ನೆಲ್ಲ ಓದಿ ನಗುತ್ತಿರುವ ಕನ್ನಡಾಭಿಮಾನಿಗಳಿಗೂ ಒಂದು ಮಾತು. ಉತ್ತಮದ ಕೊನೆಯಲ್ಲಿರುವ ‘ತಮ’ ಅಂದರೇ ಸಂಸ್ಕೃತದಲ್ಲಿ ‘ಎಲ್ಲಕ್ಕಿಂತ’. ಅದಕ್ಕೆ ‘ಅತಿ’ ಸೇರಿಸಿ ಅತ್ಯುತ್ತಮ ಮಾಡಿದೆವು. ಅದೂ ಸವೆದು, ಈಗ ವೇದಿಕೆ ಮೇಲೆ ‘ಅತ್ಯಂತ ಅತ್ಯುತ್ತಮ’ ಭಾಷಣಕಾರರನ್ನು ಸ್ವಾಗತಿಸುತ್ತಿದ್ದೇವೆ. ಶ್ರೇಷ್ಠವೂ ಸಾಲದೆ ಶ್ರೇಷ್ಠತಮರು ಬಂದಿದ್ದಾರೆ. ಅವರು ಮೈಕ್ ಹಿಡಿದು ‘ನನಗಿಂತ ಹೆಚ್ಚು ಶ್ರೇಷ್ಠತಮರು ಸಭೆಯಲ್ಲಿದ್ದೀರಿ’ ಎಂದು ವಿನಯ ತೋರಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ, ಜಾಸ್ತಿ ಹೆಚ್ಚಾಗಿಯೇ.