ಇಲಿಗೆ ಗಡ್ಡೆ ಬರಿಸುವ ಸುಲಭೋಪಾಯ

ಕುಲಾಂತರಿ ಬೆಳೆ ತಿಂದರೆ ಕ್ಯಾನ್ಸರ್ ಬರುತ್ತದೆಂದು ಸಾಧಿಸುವುದು ಮಹಾ ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 200 ಇಲಿ, ಎರಡು ವರ್ಷದ ತಾಳ್ಮೆ ಮತ್ತು ಒಂದು ಒಳ್ಳೆಯ ಕ್ಯಾಮೆರಾ ಇದ್ದರೆ ಆಯಿತು. 2012ರಲ್ಲಿ ಫ್ರಾನ್ಸಿನ ವಿಜ್ಞಾನಿ ಝೀಲ್ ಎರಿಕ್ ಸೆರಾಲಿನಿ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದ್ದಾರೆ. ಕೋಳಿಮೊಟ್ಟೆಯಷ್ಟು ದಪ್ಪ ಗಡ್ಡೆ ಹೊತ್ತ ಆ ಇಲಿಗಳ ಫೋಟೋ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ. ಇಲಿಗಳು ಸತ್ತು ಒಂದು ದಶಕಕ್ಕೂ ಮೇಲಾಯಿತು. ಫೋಟೋಗೆ ಮಾತ್ರ ಸಾವಿಲ್ಲ.

ವಿಧಾನವನ್ನು ಆಸಕ್ತರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲು ಇಲಿಯ ಜಾತಿ ನೋಡಿ ಆರಿಸಬೇಕು. ಸ್ಪ್ರೇಗ್ ಡಾಲಿ ಎಂಬ ಬಿಳಿ ಇಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೂರು ತಿಂಗಳ ಪರೀಕ್ಷೆಗೆ ಎಲ್ಲರೂ ಬಳಸುವ ಸಾಧು ಪ್ರಾಣಿ ಅದು. ಆದರೆ ಎರಡು ವರ್ಷ ಸಾಕಿದಿರೋ, ನೀವು ಏನೇ ತಿನ್ನಿಸಿ, ಏನನ್ನೂ ಬೆರೆಸದೆ ಬರೀ ಆಹಾರವನ್ನೇ ತಿನ್ನಿಸಿ, ಹೆಣ್ಣಿಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಯಾವುದೋ ಒಂದು ಗಡ್ಡೆ ತಾನಾಗಿಯೇ ಬರುತ್ತದೆ. ಮುಪ್ಪಿನ ಆ ಕಾಯಿಲೆಯನ್ನು ನಿಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದಷ್ಟೇ ಬಾಕಿ.

ಎರಡನೆಯದಾಗಿ, ಗುಂಪುಗಳನ್ನು ಜಾಸ್ತಿ ಮಾಡಿ, ಗುಂಪಿನೊಳಗಿನ ಇಲಿಗಳನ್ನು ಕಡಿಮೆ ಮಾಡಿ. ಕ್ಯಾನ್ಸರ್ ಪರೀಕ್ಷೆಗೆ ಸಿರಿವಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಮಾರ್ಗಸೂಚಿ ಕೇಳುವುದು ಪ್ರತಿ ಗುಂಪಿಗೆ ಕನಿಷ್ಠ 50 ಗಂಡು, 50 ಹೆಣ್ಣು. ಇಲ್ಲಿದ್ದದ್ದು ತಲಾ 10. ಕಳೆನಾಶಕ ಸಿಂಪಡಿಸಿದರೂ ಸಾಯದ ಎನ್‌ಕೆ603 ಎಂಬ ಕುಲಾಂತರಿ ಮೆಕ್ಕೆಜೋಳವನ್ನು ಆಹಾರದ ಶೇ 11, 22, 33ರಷ್ಟು ತಿಂದ ಮೂರು ಗುಂಪು. ಕಳೆನಾಶಕ ಸಿಂಪಡಿಸಿ ಬೆಳೆದ ಅದೇ ಜೋಳ ತಿಂದ ಮೂರು ಗುಂಪು. ಕುಡಿಯುವ ನೀರಿನಲ್ಲೇ ಕಳೆನಾಶಕ ಬೆರೆಸಿಕೊಂಡ ಮೂರು ಗುಂಪು. ಇವೆಲ್ಲಕ್ಕೂ ಹೋಲಿಸಿ ನೋಡಲು ಸಾದಾ ಜೋಳ ತಿಂದ ಗುಂಪು ಒಂದೇ ಒಂದು. ಅಂದರೆ 180 ಇಲಿಗಳ ಹಣೆಬರಹವನ್ನು ಉಳಿದ 20 ಇಲಿ ತೀರ್ಮಾನಿಸಬೇಕು.

ಈ ಏರ್ಪಾಡಿನ ಸೊಗಸು ತಿಳಿಯಲು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹತ್ತರಲ್ಲಿ ಏಳು ಹೆಣ್ಣಿಲಿಗೆ ಹೇಗೂ ಗಡ್ಡೆ ಬರುತ್ತದೆ ಎಂದಿಟ್ಟುಕೊಳ್ಳಿ. ಹತ್ತೂ ಗುಂಪಿಗೆ ಒಂದೇ ಚೀಲದ ಸಾದಾ ಜೋಳ ಹಾಕಿ. ಹತ್ತು ಇಲಿಗಳ ಒಂದು ಗುಂಪಿನಲ್ಲಿ ಒಂಬತ್ತು ಅಥವಾ ಹತ್ತಕ್ಕೆ ಗಡ್ಡೆ ಬರುವ ಸಂಭವ ಸುಮಾರು ಶೇ 15. ಒಂದು ಗುಂಪಾದರೆ ಸರಿ. ‘ಪ್ರಯೋಗ’ದ ಗುಂಪು ಒಂಬತ್ತಿರುವಾಗ, ಅವುಗಳಲ್ಲಿ ಒಂದರಲ್ಲಾದರೂ ಹಾಗಾಗುವ ಸಂಭವ ಶೇ 77! ವಿಷವಿಲ್ಲ, ಜೀನ್ ಇಲ್ಲ, ಇದ್ದದ್ದು ಒಂದೇ ಚೀಲದ ಜೋಳ. ಆದರೂ ನಾಲ್ಕರಲ್ಲಿ ಮೂರು ಸಲ ನಿಮಗೊಂದು ಭಯಂಕರ ಗುಂಪು ಸಿಕ್ಕೇ ಸಿಗುತ್ತದೆ. ಹೋಲಿಕೆಯ ಗುಂಪಿನಲ್ಲಿ ಅದೃಷ್ಟವಶಾತ್ ಐದಕ್ಕೇ ಬಂದಿತೆಂದರೆ ಕೇಳುವುದೇ ಬೇಡ. ಹೆಚ್ಚು ತಿಂದವಕ್ಕೆ ಹೆಚ್ಚು ರೋಗ ಎಂಬ ಕ್ರಮವೂ ಕಾಣಬೇಕಲ್ಲ ಎಂದು ಯಾರಾದರೂ ಕೇಳಿದರೆ, ಇದರ ಪರಿಣಾಮ ಹಾಗೆ ಏರುಗತಿಯಲ್ಲಿ ನಡೆಯುವಂಥದ್ದಲ್ಲ ಎಂದುಬಿಡಿ. ಸೆರಾಲಿನಿ ತಂಡದವರೂ ಹಾಗೇ ಹೇಳಿದರು.

ಕೊನೆಗೆ ಪ್ರಕಟಣೆ. ಲೇಖನದಲ್ಲಿ ಗಡ್ಡೆ ಬಂದ ಪ್ರಯೋಗದ ಇಲಿಗಳ ಫೋಟೋ ಇರಲಿ, ಹೋಲಿಕೆಯ ಗುಂಪಿನ ಇಲಿಯ ಫೋಟೋ ಬೇಡ. ಅವಕ್ಕೂ ಗಡ್ಡೆ ಬಂದಿತ್ತು, ಪಾಪ, ನಾಚಿಕೆಯಾಗುತ್ತದೆ. ಮುಂಚಿತವಾಗಿ ಲೇಖನ ನೋಡಬೇಕೆನ್ನುವ ಪತ್ರಕರ್ತರಿಂದ, ಬೇರೆ ವಿಜ್ಞಾನಿಗಳಿಗೆ ತೋರಿಸುವುದಿಲ್ಲ ಎಂದು ರುಜು ಹಾಕಿಸಿಕೊಳ್ಳಿ. ಇಲಿ ಬಂತೆಂದರೆ ಹುಲಿ ಬಂತೆನ್ನುವ ಹೆಡ್‌ಲೈನುಗಳನ್ನು ಅವರು ಬರೆದುಕೊಡುತ್ತಾರೆ.

ಆಮೇಲೆ ಆಗುವುದು ಯಾರಿಗೂ ಬೇಡದ ಸಮಾಚಾರ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಈ ಅಧ್ಯಯನದಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದಿತು. 2013ರಲ್ಲಿ ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಅದು ಹೇಳಿದ್ದೂ ಮೋಸವಾಗಿದೆ ಎಂದಲ್ಲ. ಇಷ್ಟು ಕಡಿಮೆ ಇಲಿ, ಅದೂ ಈ ಜಾತಿಯವು, ಇವುಗಳಿಂದ ಏನೂ ತೀರ್ಮಾನವಾಗದು ಎಂದಷ್ಟೇ. ಮರುವರ್ಷ ಲೇಖನ ಇನ್ನೊಂದು ಪತ್ರಿಕೆಯಲ್ಲಿ ಮರುಹುಟ್ಟು ಪಡೆಯಿತು.

ಇನ್ನು ನಿಜವಾದ ಪರೀಕ್ಷೆ. ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಫೋಟೋ ತೆಗೆಯಲು ಅಲ್ಲೇನೂ ಸಿಗುವುದಿಲ್ಲ. ಹೊಸ ಜೀನ್ ಗಿಡದ ಡಿಎನ್‌ಎಯಲ್ಲಿ ಎಲ್ಲಿ ಕೂತಿದೆ, ಎಷ್ಟು ಪ್ರತಿ ಇವೆ ಎಂದು ನೋಡುತ್ತಾರೆ. ಕುಲಾಂತರಿ ಗಿಡವನ್ನೂ ಅದರ ಹತ್ತಿರದ ಸಾದಾ ದಾಯಾದಿಯನ್ನೂ ಹಲವು ಕಡೆ ಅಕ್ಕಪಕ್ಕ ಬೆಳೆದು, ಕಾಳಿನಲ್ಲಿರುವ ಪ್ರೋಟೀನು, ಕೊಬ್ಬು, ವಿಟಮಿನ್, ಆ ಬೆಳೆಯಲ್ಲಿ ಸಹಜವಾಗಿಯೇ ಇರುವ ಕೆಡುಕಿನ ಅಂಶಗಳನ್ನು ಅಳೆದು ಹೋಲಿಸುತ್ತಾರೆ. ಹೊಸ ಪ್ರೋಟೀನಿನ ರಚನೆಯನ್ನು ಅಲರ್ಜಿ ತರುವುದೆಂದು ಗೊತ್ತಿರುವ ಪ್ರೋಟೀನುಗಳ ಪಕ್ಕ ಇಟ್ಟು ನೋಡುತ್ತಾರೆ: 80 ಅಮೈನೋ ಆಮ್ಲಗಳ ಉದ್ದದಲ್ಲಿ ಶೇ 35ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕಿವಿ ನೆಟ್ಟಗಾಗುತ್ತದೆ. ಹೊಟ್ಟೆಯಲ್ಲಿ ಪ್ರೋಟೀನನ್ನು ಅರಗಿಸುವ ಪೆಪ್ಸಿನ್‌ನಲ್ಲಿ ಅದು ಬೇಗ ಕರಗುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ, ಕರಗದೆ ಉಳಿಯುವ ಪ್ರೋಟೀನಿನ ಮೇಲೆ ಅನುಮಾನ ಹೆಚ್ಚು.

ಈ ಜಾಲರಿಯಲ್ಲಿ ಸಿಕ್ಕಿಬಿದ್ದದ್ದೂ ಉಂಟು. ಸೋಯಾಬೀನ್‌ನಲ್ಲಿ ಕೊರತೆಯಿರುವ ಮೆಥಿಯೊನೀನ್ ಎಂಬ ಅಮೈನೋ ಆಮ್ಲ ಹೆಚ್ಚಿಸಲು ಬ್ರೆಜಿಲ್ ನಟ್‌ನ ಒಂದು ಜೀನ್ ಸೇರಿಸಿದ್ದರು. ಆ ಕಾಯಿಗೆ ಅಲರ್ಜಿ ಇರುವ ಒಂಬತ್ತು ಮಂದಿಯ ರಕ್ತದ ಸೀರಂ ತಂದು ಪರೀಕ್ಷಿಸಿದರೆ ಎಂಟು ಮಂದಿಯದು ಆ ಸೋಯಾಗೂ ಪ್ರತಿಕ್ರಿಯೆ ತೋರಿಸಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು, ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಪರೀಕ್ಷೆ ಕೆಲಸ ಮಾಡಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಆದ್ದರಿಂದಲೇ ಪರೀಕ್ಷೆಯೇ ನಡೆಯುವುದಿಲ್ಲ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಕಳ್ಳ ಬಾಗಿಲಲ್ಲೇ ಸಿಕ್ಕಿಬಿದ್ದನೆಂದು ಕಾವಲುಗಾರನನ್ನು ಹಿಡಿದು ಹೊಡೆದ ಹಾಗೆ.

ಇಲಿಗೆ ಇಡೀ ಜೋಳ ತಿನ್ನಿಸುವುದರಲ್ಲಿ ಒಂದು ತೊಡಕು ಇದ್ದೇ ಇದೆ. ರಾಸಾಯನಿಕವಾದರೆ ಮನುಷ್ಯ ಸೇವಿಸುವುದರ ನೂರು ಪಟ್ಟು ಕೊಟ್ಟು ನೋಡಬಹುದು. ಜೋಳವನ್ನು ನೂರು ಪಟ್ಟು ತಿನ್ನಿಸಲು ಇಲಿಯ ಹೊಟ್ಟೆಯಲ್ಲಿ ಜಾಗವಿಲ್ಲ. ಊಟದ ಮೂರನೇ ಒಂದು ಭಾಗ ದಾಟಿಸಿದರೆ ಪೋಷಣೆ ಹದ ತಪ್ಪಿ, ಕಾಯಿಲೆ ಜೀನಿನದೋ ಊಟದ್ದೋ ತಿಳಿಯುವುದಿಲ್ಲ. ಆದ್ದರಿಂದಲೇ 90 ದಿನದ ಇಲಿ ಪರೀಕ್ಷೆಗಿಂತ ಆ ಒಂದು ಹೊಸ ಪ್ರೋಟೀನನ್ನು ಬೇರ್ಪಡಿಸಿ ಮಾಡುವ ಪರೀಕ್ಷೆಯ ಮೇಲೆ ಬಲ್ಲವರಿಗೆ ನಂಬಿಕೆ ಹೆಚ್ಚು.

ಹಾಗಿದ್ದೂ ಗಲಾಟೆ ತಣಿಯಲೆಂದು ಐರೋಪ್ಯ ಒಕ್ಕೂಟ ದುಡ್ಡು ಸುರಿದು, ಅದೇ ಎನ್‌ಕೆ603 ಜೋಳವನ್ನು ಎರಡು ವರ್ಷ ಇಲಿಗಳಿಗೆ ಮತ್ತೆ ತಿನ್ನಿಸಿತು. ಈ ಸಲ ವಿಸ್ಟಾರ್ ಜಾತಿಯ ಇಲಿ, ಗುಂಪಿಗೆ 50 ಗಂಡು, 50 ಹೆಣ್ಣು. ಜೋಳದಿಂದ ಯಾವ ಕೆಡುಕೂ ಕಾಣಲಿಲ್ಲ. ಈ ಅಧ್ಯಯನದ ಫೋಟೋ ನಿಮಗೆ ಯಾರಾದರೂ ಫಾರ್ವರ್ಡ್ ಮಾಡಿದ್ದಾರೆಯೇ?

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ 900ಕ್ಕೂ ಹೆಚ್ಚು ಪ್ರಬಂಧಗಳನ್ನು ಜಾಲಾಡಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಸಾದಾ ತಳಿಗಿಂತ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದವು. ಮಾರುಕಟ್ಟೆಯಲ್ಲಿರುವವು ಅಪಾಯ ತರುವ ಸಂಭವ ಕಡಿಮೆ, ಆದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಗಮನಿಸಿ, ಇದು ತಿನ್ನುವುದರ ಬಗೆಗಿನ ಮಾತು. ಬೀಜದ ಬೆಲೆ, ಕಂಪನಿಗಳ ಹಿಡಿತ, ಕಳೆನಾಶಕಕ್ಕೆ ಜಗ್ಗದ ಕಳೆ, ಇವುಗಳ ಮೇಲೆ ಜಗಳವಾಡಲು ಬೇಕಾದಷ್ಟು ನ್ಯಾಯವಾದ ಕಾರಣಗಳಿವೆ. ಆದರೆ ಅದಕ್ಕೆಲ್ಲ ಓದಬೇಕು, ಅಂಕಿ ಹುಡುಕಬೇಕು, ವಾದಿಸಬೇಕು. ಇಲಿಯ ಫೋಟೋ ಆದರೆ ಒತ್ತಿದರೆ ಹೋಗುತ್ತದೆ.